ಬೇಯಿಸಿದ ಮೇಲೆ ಬರಿಗೈಯಲ್ಲಿ ಬಿಡಿಸಿದ ಕೋಳಿ: ಮತ್ತೆ ಚೆನ್ನಾಗಿ ಕುದಿಸಿದರೆ ಸಾಲದಾ?

ಸೌಟು_ಹಿಡಿದವಳು
ನಾವು ನಾಲ್ಕೈದು ಮನೆಯವರು ಸೇರಿ ಒಂದೇ ಕಡೆ ಅಡುಗೆ ಮಾಡುತ್ತೇವೆ. ನಿನ್ನೆ ಸುಮಾರು 5 ಕೆಜಿ ಕೋಳಿ ಬೇಯಿಸಿ, ಸ್ವಲ್ಪ ಆರಿದ ಮೇಲೆ ಮೂಳೆಯಿಂದ ಮಾಂಸ ಬಿಡಿಸಿದೆವು. ಎಲ್ಲರೂ ಬರಿಗೈಯಲ್ಲೇ ಬಿಡಿಸಿದ್ದು. ಅವರಲ್ಲಿ ಒಬ್ಬರ ಬೆರಳಿನಲ್ಲಿ ಕೀವು ಕಟ್ಟಿದ ಗಾಯ ಇತ್ತು. ಆಮೇಲೆ ಮಾಂಸ ದೊಡ್ಡ ಪಾತ್ರೆಯಲ್ಲೇ ಮುಚ್ಚಿ ಹೊರಗೆ ಇತ್ತು, ಏಳು ಗಂಟೆ ಹತ್ತಿರ ಆಗಿರಬೇಕು, ರಾತ್ರಿ ಫ್ರಿಜ್‌ಗೆ ಹೋಯಿತು. ವಾಸನೆ ಇಲ್ಲ, ಲೋಳೆ ಇಲ್ಲ, ಬಣ್ಣವೂ ಸರಿಯಾಗಿದೆ. ಅರ್ಧ ಗಂಟೆ ಕುದಿಸಿ ಬಡಿಸಬಹುದು ಅಂತ ಕೆಲವರು ಹೇಳುತ್ತಿದ್ದಾರೆ. ಇನ್ನೊಬ್ಬರು ಬೇಡವೇ ಬೇಡ ಅನ್ನುತ್ತಾರೆ, ಯಾಕೆ ಅಂತ ಕೇಳಿದರೆ ಸರಿಯಾಗಿ ಹೇಳೋದಿಲ್ಲ. ಕುದಿಸಿದರೆ ಬ್ಯಾಕ್ಟೀರಿಯಾ ಸಾಯುತ್ತೆ ಅಲ್ವಾ? ಮತ್ತೆ ಇನ್ನೇನು ತೊಂದರೆ?

ಕುದಿಸಿ_ಕುಡಿ
ಸುಮ್ನೆ ಭಯ ಬೀಳಬೇಡಿ. ಕುದಿಯುವ ಶಾಖದಲ್ಲಿ ಬ್ಯಾಕ್ಟೀರಿಯಾ ಉಳಿಯೋದಿಲ್ಲ. ಅದು ಬಿಟ್ಟ ವಿಷವೂ ಒಂದು ಪ್ರೋಟೀನ್ ತಾನೇ? ಮೊಟ್ಟೆಯ ಬಿಳಿ ಭಾಗ ಕೂಡ ಪ್ರೋಟೀನೇ, ಬಿಸಿ ತಾಗಿದ ಕೂಡಲೇ ಗಟ್ಟಿಯಾಗುತ್ತೆ, ಮತ್ತೆ ಹಿಂದಿನಂತೆ ಆಗೋದಿಲ್ಲ. ಹತ್ತು ನಿಮಿಷ ಕುದಿಸಿದರೆ ಟಾಕ್ಸಿನ್ ಹಾಳಾಗುತ್ತೆ ಅಂತ ನಾನು ಎಷ್ಟೋ ಕಡೆ ಓದಿದ್ದೇನೆ. ಒಳಗಿನವರೆಗೂ ಬಿಸಿ ತಲುಪಬೇಕು, ಅಷ್ಟೇ.

ಪೆಟ್ರಿತಟ್ಟೆ
ಆಹಾರ ಪರೀಕ್ಷೆ ಮಾಡೋ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. @ಸೌಟು_ಹಿಡಿದವಳು, ಮೊದಲು ನೇರ ಉತ್ತರ: ಬಡಿಸಬೇಡಿ. ಅರ್ಧ ಗಂಟೆ ಅಲ್ಲ, ಒಂದು ಗಂಟೆ ಕುದಿಸಿದರೂ ಬೇಡ.

@ಕುದಿಸಿ_ಕುಡಿ, ನೀವು ಹೇಳಿದ್ದರಲ್ಲಿ ಮೊದಲ ಭಾಗ ಸರಿ. ಇಲ್ಲಿ ಭಯ ಇರೋದು ಕೀವಿನ ಗಾಯದಲ್ಲಿ ಸಾಮಾನ್ಯವಾಗಿ ಇರೋ ಸ್ಟ್ಯಾಫಿಲೋಕಾಕಸ್ ಆರಿಯಸ್, ಚಿಕ್ಕದಾಗಿ ಸ್ಟ್ಯಾಫ್, ಅನ್ನೋ ಬ್ಯಾಕ್ಟೀರಿಯಾದ್ದು. ಅದು ಶಾಖಕ್ಕೆ ಅಂಥ ಗಟ್ಟಿ ಏನಲ್ಲ, ಆಹಾರದ ಒಳಭಾಗ 70 ಡಿಗ್ರಿ ಸೆಲ್ಸಿಯಸ್ ದಾಟಿದರೆ ಬೇಗ ಸಾಯುತ್ತೆ. ಆದರೆ ಕಾಯಿಲೆ ತರೋದು ಅದಲ್ಲ. ಅದು ಆಹಾರದಲ್ಲಿ ಬೆಳೆಯುವಾಗ ಹೊರಗೆ ಬಿಡುವ ಎಂಟರೊಟಾಕ್ಸಿನ್ ಅನ್ನೋ ವಿಷ. ಬ್ಯಾಕ್ಟೀರಿಯಾ ಬದುಕಿದೆಯೋ ಸತ್ತಿದೆಯೋ ಅನ್ನೋದು ಆಮೇಲೆ ಲೆಕ್ಕಕ್ಕೇ ಬರೋದಿಲ್ಲ, ವಿಷ ಆಗಲೇ ಮಾಂಸದಲ್ಲಿ ಸೇರಿಕೊಂಡಿದೆ.

ಹತ್ತು ನಿಮಿಷದ ಮಾತು ನೀವು ಓದಿದ್ದು ಬಹುಶಃ ಬೊಟುಲಿನಮ್ ವಿಷದ ಬಗ್ಗೆ. ಅದು ನಿಜಕ್ಕೂ ಶಾಖಕ್ಕೆ ಸೋಲುತ್ತೆ, 85 ಡಿಗ್ರಿಯಲ್ಲಿ ಐದು ನಿಮಿಷ ಇಟ್ಟರೂ ಹಾಳಾಗುತ್ತೆ. ಜಗತ್ತಿನ ಅತಿ ಭಯಂಕರ ವಿಷಗಳಲ್ಲಿ ಒಂದಾದ ಅದು ಕುದಿಸಿದರೆ ಹೋಗುತ್ತೆ, ಅದಕ್ಕಿಂತ ಎಷ್ಟೋ ಸೌಮ್ಯವಾದ ಸ್ಟ್ಯಾಫ್ ವಿಷ ಹೋಗೋದಿಲ್ಲ. ಒಂದಕ್ಕೆ ಹೇಳಿದ ನಿಯಮವನ್ನು ಇನ್ನೊಂದಕ್ಕೆ ಹಾಕಿದರೆ ಜನ ಆಸ್ಪತ್ರೆ ಸೇರುತ್ತಾರೆ.

ಕುದಿಸಿ_ಕುಡಿ
ಎರಡೂ ಪ್ರೋಟೀನ್ ಅಂದಮೇಲೆ ಒಂದು ಹಾಳಾಗಿ ಇನ್ನೊಂದು ಉಳಿಯೋದು ಹೇಗೆ? ಅದನ್ನು ವಿವರಿಸಿ. ಸುಮ್ನೆ "ಉಳಿಯುತ್ತೆ" ಅಂದರೆ ನಾನು ಒಪ್ಪೋದಿಲ್ಲ.

ಪೆಟ್ರಿತಟ್ಟೆ
ಒಳ್ಳೆ ಪ್ರಶ್ನೆ. ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಅದು ತನ್ನದೇ ರೀತಿಯಲ್ಲಿ ಮಡಚಿಕೊಂಡಾಗ ಮಾತ್ರ ಕೆಲಸ ಮಾಡುತ್ತೆ. ಶಾಖ ಸಾಮಾನ್ಯವಾಗಿ ಆ ಸರಪಳಿಯನ್ನು ತುಂಡು ಮಾಡೋದಿಲ್ಲ, ಮಡಿಕೆಯನ್ನು ಬಿಚ್ಚುತ್ತೆ. ಮೊಟ್ಟೆಯಲ್ಲಿ ಪ್ರೋಟೀನ್ ವಿಪರೀತ ದಟ್ಟವಾಗಿರುತ್ತೆ. ಬಿಚ್ಚಿಕೊಂಡ ಸರಪಳಿಗಳು ಅಕ್ಕಪಕ್ಕದವಕ್ಕೆ ಸಿಕ್ಕಿಕೊಂಡು ಗಂಟಾಗುತ್ತವೆ, ಹಾಗಾಗಿ ತಣ್ಣಗಾದರೂ ಹಿಂದಕ್ಕೆ ಬರೋದಿಲ್ಲ.

ಸ್ಟ್ಯಾಫ್ ವಿಷ ಹಾಗಲ್ಲ. ಅದು ಚಿಕ್ಕದು, ಒಂದೇ ಸರಪಳಿ, ಒತ್ತಾಗಿ ಮಡಚಿಕೊಂಡಿರುತ್ತೆ. ಸರಪಳಿಯ ಎರಡು ಜಾಗಗಳನ್ನು ಒಂದು ಗಂಧಕದ ಕೊಂಡಿ ಹಿಡಿದಿಟ್ಟಿರುತ್ತೆ. ಹೀಗಾಗಿ ಬಿಸಿ ಮಾಡಿದಾಗ ಅದು ಪೂರ್ತಿ ಬಿಚ್ಚಿಕೊಳ್ಳೋದು ಕಷ್ಟ. ಸ್ವಲ್ಪ ಬಿಚ್ಚಿಕೊಂಡರೂ ತಣ್ಣಗಾಗುವಾಗ ಮತ್ತೆ ಮೊದಲಿನ ಆಕಾರಕ್ಕೇ ಮಡಚಿಕೊಳ್ಳಬಲ್ಲದು. ಆಹಾರದಲ್ಲಿ ಅದರ ಪ್ರಮಾಣ ತೀರಾ ಕಡಿಮೆ ಇರೋದರಿಂದ ಒಂದಕ್ಕೊಂದು ಸಿಕ್ಕಿಕೊಂಡು ಗಂಟಾಗೋ ಸಂದರ್ಭವೂ ಕಡಿಮೆ. ಸುತ್ತಲಿನ ಮಾಂಸದ ಪ್ರೋಟೀನ್ ಬೇರೆ ಅದಕ್ಕೆ ರಕ್ಷಣೆ ಕೊಡುತ್ತೆ. ಬೊಟುಲಿನಮ್ ವಿಷ ಇದರ ಐದಾರು ಪಟ್ಟು ದೊಡ್ಡದು, ಹಲವು ಭಾಗಗಳು ಸೇರಿ ಆದದ್ದು, ಒಂದು ಭಾಗದ ಆಕಾರ ಕೆಟ್ಟರೂ ಅದರ ಕೆಲಸ ನಿಂತಿತು.

ಇನ್ನೊಂದು ವಿಷಯ. ನಮ್ಮ ಹೊಟ್ಟೆಯ ಆಮ್ಲ, ಪ್ರೋಟೀನ್ ಅರಗಿಸುವ ಪೆಪ್ಸಿನ್, ಇವೂ ಈ ವಿಷವನ್ನು ಸುಲಭವಾಗಿ ಒಡೆಯಲಾರವು. ಒಲೆಯನ್ನೂ ಹೊಟ್ಟೆಯನ್ನೂ ದಾಟಿ ಕರುಳು ತಲುಪೋ ಪ್ರೋಟೀನ್ ಇದು. ಅಲ್ಲಿ ನರಗಳ ಮೂಲಕ ಮೆದುಳಿನ ವಾಂತಿ ಕೇಂದ್ರಕ್ಕೆ ಸಂದೇಶ ಹೋಗುತ್ತೆ. ಅದಕ್ಕೇ ಕಾಯಿಲೆ ಅಷ್ಟು ಬೇಗ ಶುರುವಾಗೋದು.

ಊಟ_ಆಯ್ತಾ
ಇದು ನನಗೆ ಆಗಿದೆ!! ಹಿಂದಿನ ದಿನದ ಅನ್ನ ಮತ್ತು ಮಾಂಸ, ಎರಡನ್ನೂ ಮೈಕ್ರೋವೇವ್‌ನಲ್ಲಿ ಹಬೆ ಬರೋವರೆಗೂ ಬಿಸಿ ಮಾಡಿ ತಿಂದೆ. ಮೂರು ಗಂಟೆ ಆಗಿರಲಿಲ್ಲ, ಇದ್ದಕ್ಕಿದ್ದ ಹಾಗೆ ಬಾಯಲ್ಲಿ ನೀರೂರಿ, ಹೊಟ್ಟೆ ಹಿಂಡಿ, ವಾಂತಿ ನಿಲ್ಲಲೇ ಇಲ್ಲ. ಜ್ವರ ಇರಲಿಲ್ಲ. ಮರುದಿನಕ್ಕೆ ಸರಿಯಾಯಿತು, ಆದರೆ ಎದ್ದು ನಿಲ್ಲೋಕೂ ಶಕ್ತಿ ಇರಲಿಲ್ಲ. ವಿಚಿತ್ರ ಅಂದರೆ ಅದೇ ಪಾತ್ರೆಯಿಂದ ಬಡಿಸಿಕೊಂಡ ನನ್ನ ಅಕ್ಕನಿಗೆ ಏನೂ ಆಗಲಿಲ್ಲ. ಹಾಗಾದರೆ ಮೈಕ್ರೋವೇವ್ ಸರಿ ಇಲ್ಲ ಅಂತಾನಾ? ಯಾವುದು ತಗೊಂಡರೆ ಒಳ್ಳೇದು?

ರಾತ್ರಿಪಾಳಿ
@ಊಟ_ಆಯ್ತಾ, ಮೈಕ್ರೋವೇವ್ ಬದಲಾಯಿಸಿದರೆ ಇದು ಬದಲಾಗೋದಿಲ್ಲ, ಯಾವ ಒಲೆಯಾದರೂ ಅಷ್ಟೇ. ನಾನು ತುರ್ತು ವಿಭಾಗದಲ್ಲಿ ನರ್ಸ್. ನೀವು ಹೇಳಿದ ಚಿತ್ರ ನಾವು ನೋಡೋ ಚಿತ್ರವೇ. ತಿಂದು ಒಂದರಿಂದ ಆರು ಗಂಟೆಯೊಳಗೆ ಜೋರು ವಾಂತಿ, ಹೊಟ್ಟೆ ಹಿಡಿತ, ಕೆಲವರಿಗೆ ಭೇದಿ. ಜ್ವರ ಇದ್ದರೂ ಅಲ್ಪಸ್ವಲ್ಪ, ಒಂದು ದಿನದ ಆಸುಪಾಸಿನಲ್ಲಿ ಇಳಿಯುತ್ತೆ. ಮೈಯೊಳಗೆ ಬ್ಯಾಕ್ಟೀರಿಯಾ ಬೆಳೆದು ಕಾಯಿಲೆ ಆಗಬೇಕಿದ್ದರೆ ಅದಕ್ಕೆ ಜಾಸ್ತಿ ಸಮಯ ಬೇಕು. ಇಷ್ಟು ಬೇಗ ಅಂದರೆ ವಿಷ ಊಟದಲ್ಲೇ ತಯಾರಾಗಿ ಬಂದಿತ್ತು ಅಂತ.

ಇದಕ್ಕೆ ಆಂಟಿಬಯಾಟಿಕ್ ಕೇಳಬೇಡಿ. ಅದು ಬ್ಯಾಕ್ಟೀರಿಯಾ ಕೊಲ್ಲೋ ಔಷಧಿ, ವಿಷಕ್ಕೆ ಏನೂ ಮಾಡೋದಿಲ್ಲ. ಓಆರ್‌ಎಸ್ ಗುಟುಕು ಗುಟುಕಾಗಿ ಕುಡಿಯಬೇಕು. ಚಿಕ್ಕ ಮಕ್ಕಳು, ವಯಸ್ಸಾದವರು, ಗರ್ಭಿಣಿಯರು ಆದರೆ ಕಾಯಬೇಡಿ. ಮೂತ್ರ ನಿಂತರೆ, ರಕ್ತ ಕಂಡರೆ, ಜೋರು ಜ್ವರ ಬಂದರೆ ಯಾರೇ ಆಗಲಿ ಆಸ್ಪತ್ರೆಗೆ ಬನ್ನಿ.

ಪೆಟ್ರಿತಟ್ಟೆ
@ಊಟ_ಆಯ್ತಾ, ಅಕ್ಕನಿಗೆ ಏನೂ ಆಗದಿರೋದು ವಿಚಿತ್ರ ಏನಲ್ಲ. ಕೈ ಎಲ್ಲಿ ತಾಗಿತೋ ಅಲ್ಲಿ ಬ್ಯಾಕ್ಟೀರಿಯಾ ಬೆಳೆದಿರುತ್ತೆ, ಎಲ್ಲಿ ಜಾಸ್ತಿ ಹೊತ್ತು ಬೆಚ್ಚಗಿತ್ತೋ ಅಲ್ಲಿ ವಿಷ ಜಾಸ್ತಿ. ಒಂದೇ ಪಾತ್ರೆಯ ಎರಡು ಸೌಟುಗಳಲ್ಲಿ ಒಂದೇ ಪ್ರಮಾಣ ಇರಬೇಕು ಅಂತೇನಿಲ್ಲ.

ಆದರೆ ನಿಮ್ಮದು ಸ್ಟ್ಯಾಫ್ ಅಂತ ನಾನು ಖಚಿತವಾಗಿ ಹೇಳೋದಿಲ್ಲ. ಅನ್ನವೂ ಇತ್ತು ಅಂದಿರಿ. ಬ್ಯಾಸಿಲಸ್ ಸೀರಿಯಸ್ ಅನ್ನೋದು ಅನ್ನದಲ್ಲಿ ಬೆಳೆದು ಸೆರುಲೈಡ್ ಅನ್ನೋ ವಿಷ ಬಿಡುತ್ತೆ. ಅದೂ ಇಷ್ಟೇ ಹೊತ್ತಿಗೆ ವಾಂತಿ ತರುತ್ತೆ, ಶಾಖಕ್ಕೆ ಇನ್ನೂ ಗಟ್ಟಿ. ಲಕ್ಷಣ ನೋಡಿ ಎರಡನ್ನೂ ಬೇರೆ ಮಾಡೋಕೆ ಆಗೋದಿಲ್ಲ.

ಕಡಾಯಿ_ಕಥೆ
ನಾನು ವರ್ಷಗಟ್ಟಲೆ ಉಳಿದ ಊಟ ಬಿಸಿ ಮಾಡಿಯೇ ತಿನ್ನುತ್ತಿದ್ದೇನೆ, ನಮ್ಮ ಮನೆಯಲ್ಲಿ ಕೈಗವಸು ಅನ್ನೋದೇ ಇಲ್ಲ. ಏನೂ ಆಗಿಲ್ಲ. ಹಾಗಿದ್ದರೆ ಇದೆಲ್ಲ ಅತಿ ಆಗಲಿಲ್ಲವೇ?

ಪೆಟ್ರಿತಟ್ಟೆ
ಕೈ ತಾಗಿದ ಕೂಡಲೇ ಊಟ ವಿಷ ಆಗೋದಿಲ್ಲ. ಅದಕ್ಕೆ ಸಮಯವೂ ಬೆಚ್ಚನೆಯ ಜಾಗವೂ ಬೇಕು. @ಸೌಟು_ಹಿಡಿದವಳು ಹೇಳಿದ ಕೋಳಿಯನ್ನೇ ಲೆಕ್ಕ ಹಾಕಿ ನೋಡೋಣ.

ಕೀವು ಇರೋ ಬೆರಳಿನಿಂದ ಲಕ್ಷಗಟ್ಟಲೆ ಬ್ಯಾಕ್ಟೀರಿಯಾ ಉದುರಬಹುದು. 5 ಲಕ್ಷ ಅಂತ ಇಟ್ಟುಕೊಳ್ಳಿ. 5 ಕೆಜಿ ಮಾಂಸಕ್ಕೆ ಹಂಚಿದರೆ ಗ್ರಾಂಗೆ 100. ಇಷ್ಟಕ್ಕೆ ಯಾರಿಗೂ ಏನೂ ಆಗೋದಿಲ್ಲ. ಆ ಕ್ಷಣವೇ ಕುದಿಸಿದ್ದರೆ ಎಲ್ಲ ಸತ್ತು ಮಾಂಸ ಸುರಕ್ಷಿತವಾಗಿರುತ್ತಿತ್ತು. ಫ್ರಿಜ್‌ನಲ್ಲಿ ಬೇಗ ತಣ್ಣಗಾಗಿದ್ದರೂ ಅಷ್ಟೇ.

ಈಗ ಅದು ಹೊರಗೆ ಇದೆ ಅನ್ನಿ. ಬೆಚ್ಚಗಿನ ಮಾಂಸದಲ್ಲಿ ಹೆಚ್ಚುಕಡಿಮೆ ಅರ್ಧ ಗಂಟೆಗೊಮ್ಮೆ ಸಂಖ್ಯೆ ಎರಡರಷ್ಟಾಗುತ್ತೆ. ಹತ್ತು ಸಲ ಹಾಗೆ ಆದರೆ ಸಾವಿರ ಪಟ್ಟು. 100 ಇದ್ದದ್ದು 1 ಲಕ್ಷ ದಾಟುತ್ತೆ, ಅದಕ್ಕೆ ಐದು ಗಂಟೆ. ಹೊಸ ಜಾಗಕ್ಕೆ ಹೊಂದಿಕೊಳ್ಳೋಕೆ ಮೊದಲಲ್ಲಿ ಸ್ವಲ್ಪ ಹೊತ್ತು ತಗೊಳ್ಳುತ್ತೆ, ಅದನ್ನೂ ಸೇರಿಸಿದರೆ ಆರೇಳು ಗಂಟೆ. ಗ್ರಾಂಗೆ 1 ಲಕ್ಷದ ಆಸುಪಾಸು ಬಂದ ಮೇಲೆ ಕಾಯಿಲೆ ತರುವಷ್ಟು ವಿಷ ಸೇರಬಹುದು ಅಂತ ನಾವು ಲ್ಯಾಬ್‌ನಲ್ಲಿ ಎಚ್ಚರವಾಗುತ್ತೇವೆ. ನಾನು ಹಾಕಿದ್ದು ಸರಾಸರಿ ಲೆಕ್ಕ. ಗಾಯದ ಬೆರಳು ಹಿಡಿದ ತುಂಡುಗಳಲ್ಲಿ ಶುರುವೇ ಸಾವಿರಗಳಿಂದ ಆಗಿರುತ್ತೆ, ಅಲ್ಲಿ ಈ ಮಟ್ಟಕ್ಕೆ ಇನ್ನೂ ಮೊದಲೇ ತಲುಪಿರುತ್ತೆ. ಅಂದರೆ ಆ ಏಳು ಗಂಟೆ ಸರಿಯಾಗಿ ಅಪಾಯದ ಜಾಗದಲ್ಲೇ ಬೀಳುತ್ತೆ.

@ಕಡಾಯಿ_ಕಥೆ, ನಿಮ್ಮ ಮನೆಯಲ್ಲಿ ಊಟ ಬೇಗ ಖಾಲಿಯಾಗುತ್ತೋ ಅಥವಾ ಬೇಗ ಫ್ರಿಜ್ ಸೇರುತ್ತೋ, ಎರಡರಲ್ಲಿ ಒಂದು ಆಗಿರಬೇಕು. ನಿಮ್ಮನ್ನು ಕಾಪಾಡುತ್ತಿರೋದು ಬಿಸಿ ಮಾಡೋದಲ್ಲ.

ಒಂದು ವಿಷಯ ಜನರಿಗೆ ತಲೆಕೆಳಗಾಗಿ ಕಾಣುತ್ತೆ. ಹಸಿ ಮಾಂಸದಲ್ಲಿ, ಕಾಯಿಸದ ಹಾಲಿನಲ್ಲಿ ಬೇರೆ ಬ್ಯಾಕ್ಟೀರಿಯಾ ತುಂಬಾ ಇರುತ್ತವೆ, ಅವುಗಳ ನಡುವೆ ಸ್ಟ್ಯಾಫ್ ಅಷ್ಟಾಗಿ ಗೆಲ್ಲೋದಿಲ್ಲ. ಬೇಯಿಸಿದಾಗ ಆ ಪೈಪೋಟಿಯವರೆಲ್ಲ ಸಾಯುತ್ತಾರೆ. ಆಮೇಲೆ ಕೈಯಿಂದ ಬಿದ್ದ ಸ್ಟ್ಯಾಫ್‌ಗೆ ಇಡೀ ಪಾತ್ರೆ ಖಾಲಿ ಮೈದಾನ. ಮಾಂಸ ಕೊಳೆಸಿ ವಾಸನೆ ಎಬ್ಬಿಸುವವರೂ ಇಲ್ಲ, ಅದಕ್ಕೇ ನಿಮ್ಮ ಕೋಳಿ ಏಳು ಗಂಟೆ ಆದರೂ ವಾಸನೆ ಬಂದಿಲ್ಲ. ಈ ವಿಷಕ್ಕೆ ರುಚಿಯೂ ಇಲ್ಲ, ವಾಸನೆಯೂ ಇಲ್ಲ.

ಕುದಿಸಿ_ಕುಡಿ
ಸರಿ, ಕುದಿಸೋದು ಸಾಲದು ಅಂತ ಇಟ್ಟುಕೊಳ್ಳೋಣ. ಪ್ರೆಶರ್ ಕುಕ್ಕರ್‌ನಲ್ಲಿ ಹಾಕಿದರೆ? ಅಲ್ಲಿ 100 ಡಿಗ್ರಿಗಿಂತ ಜಾಸ್ತಿ ಹೋಗುತ್ತೆ.

ಪೆಟ್ರಿತಟ್ಟೆ
ಹೋಗುತ್ತೆ, ವಿಷವೂ ಕಡಿಮೆ ಆಗುತ್ತೆ. ಶಾಖಕ್ಕೆ ಇದು ಅಲುಗಾಡೋದೇ ಇಲ್ಲ ಅಂತ ನಾನು ಹೇಳೋದಿಲ್ಲ. ಪ್ರತಿ ನಿಮಿಷಕ್ಕೂ ಸ್ವಲ್ಪ ಸ್ವಲ್ಪ ಇಳಿಯುತ್ತೆ. ಎಷ್ಟು ಇಳಿಯುತ್ತೆ ಅನ್ನೋದು ಯಾವ ಆಹಾರ, ಎಷ್ಟು ಹುಳಿ, ಮೊದಲು ಎಷ್ಟು ವಿಷ ಇತ್ತು, ಇದರ ಮೇಲೆ ಹೋಗುತ್ತೆ. ಕಷ್ಟ ಇರೋದು ಇನ್ನೊಂದು ಕಡೆ: ಕಾಯಿಲೆ ಮಾಡೋಕೆ ಬೇಕಾದ್ದು ಒಂದು ಮೈಕ್ರೋಗ್ರಾಂಗಿಂತ ಕಡಿಮೆ, ಅಂದರೆ ಗ್ರಾಂನ ಹತ್ತು ಲಕ್ಷದ ಒಂದು ಭಾಗವೂ ಬೇಡ. ಹತ್ತರಲ್ಲಿ ಒಂಬತ್ತು ಭಾಗ ಹಾಳಾದರೂ ಉಳಿದ ಒಂದು ಭಾಗ ಸಾಕಾಗಬಹುದು.

1989ರಲ್ಲಿ ಅಮೆರಿಕದಲ್ಲಿ ಡಬ್ಬಿಯ ಅಣಬೆ ತಿಂದವರಿಗೆ ಹಲವು ಕಡೆ ಸ್ಟ್ಯಾಫ್ ವಿಷಬಾಧೆ ಆಯಿತು. ಡಬ್ಬಿ ತುಂಬುವ ಕಾರ್ಖಾನೆಯಲ್ಲಿ ಕೊಡುವ ಶಾಖ ಅಡುಗೆಮನೆಯ ಕುಕ್ಕರ್‌ಗಿಂತ ಕಡಿಮೆ ಏನಲ್ಲ. ಅದನ್ನೂ ದಾಟಿ ವಿಷ ಉಳಿದಿತ್ತು.

ರಾತ್ರಿಪಾಳಿ
ನಮಗೆ ತರಬೇತಿಯಲ್ಲಿ ವಿಮಾನದ ಪ್ರಕರಣ ಒಂದನ್ನು ಹೇಳಿದ್ದರು, ಬಿಸಿ ಮಾಡಿ ಬಡಿಸಿದ ಊಟದ್ದೇ. ಪೂರ್ತಿ ನೆನಪಿಲ್ಲ. ಯಾರಿಗಾದರೂ ಗೊತ್ತಾ?

ಪೆಟ್ರಿತಟ್ಟೆ
ಗೊತ್ತು. ಫೆಬ್ರವರಿ 1975. ಟೋಕಿಯೋದಿಂದ ಪ್ಯಾರಿಸ್‌ಗೆ ಹೊರಟ ಜಪಾನ್ ಏರ್ ಲೈನ್ಸ್ ವಿಮಾನ, ದಾರಿಯಲ್ಲಿ ಅಲಾಸ್ಕಾದ ಆಂಕೊರೇಜ್‌ನಲ್ಲಿ ಮತ್ತು ಕೋಪನ್‌ಹೇಗನ್‌ನಲ್ಲಿ ಇಳಿಯಬೇಕಿತ್ತು. ಬೆಳಗಿನ ತಿಂಡಿಗೆ ಹ್ಯಾಮ್ ಇಟ್ಟ ಆಮ್ಲೆಟ್. ಅದನ್ನು ತಯಾರಿಸಿದ್ದು ಆಂಕೊರೇಜ್‌ನಲ್ಲಿ. ಹ್ಯಾಮ್ ಮುಟ್ಟಿದ ಅಡುಗೆಯವರೊಬ್ಬರ ಬೆರಳುಗಳಲ್ಲಿ ಸೋಂಕು ತಗುಲಿದ ಗುಳ್ಳೆಗಳಿದ್ದವು.

ತಟ್ಟೆಗಳು ಮೊದಲು ಆರು ಗಂಟೆ ಹತ್ತಿರ ಕೋಣೆಯ ಬಿಸಿಯಲ್ಲೇ ಇದ್ದವು. ಆಮೇಲೆ ರಾತ್ರಿಯಿಡೀ ಇಟ್ಟ ತಂಪು ಜಾಗವೂ ಸುಮಾರು 10 ಡಿಗ್ರಿ, ಸಾಲದ ತಂಪು. ವಿಮಾನದಲ್ಲಿ ಓವನ್‌ಗೆ ಹಾಕಿ ಬಿಸಿಬಿಸಿಯಾಗಿ ಬಡಿಸಿದರು. ಸುಮಾರು 340 ಪ್ರಯಾಣಿಕರಲ್ಲಿ 200ರ ಹತ್ತಿರ ಜನ ಕೋಪನ್‌ಹೇಗನ್ ಹೊತ್ತಿಗೆ ವಾಂತಿ ಮಾಡುತ್ತಿದ್ದರು, 140ಕ್ಕೂ ಹೆಚ್ಚು ಜನ ಆಸ್ಪತ್ರೆ ಸೇರಿದರು. ಈ ಕೋಳಿಯ ವಿಷಯ ಓದಿದಾಗ ನನಗೆ ಮೊದಲು ನೆನಪಾದದ್ದು ಇದೇ ಪ್ರಕರಣ. ಬೆರಳಿನ ಗಾಯ, ಬೆಂದ ಮಾಂಸ, ಹೊರಗೆ ಕಳೆದ ಗಂಟೆಗಳು, ಕೊನೆಗೆ ಬಿಸಿ ಮಾಡೋದು, ನಾಲ್ಕೂ ಹಾಗೇ ಇವೆ.

ಕಡಾಯಿ_ಕಥೆ
ಹ್ಯಾಮ್‌ನಲ್ಲಿ ಉಪ್ಪು ಜಾಸ್ತಿ ಇರುತ್ತೆ ಅಲ್ವಾ, ಉಪ್ಪು ಬ್ಯಾಕ್ಟೀರಿಯಾ ತಡೆಯಬೇಕಿತ್ತು.

ಪೆಟ್ರಿತಟ್ಟೆ
ಬೇರೆಯವನ್ನು ತಡೆಯುತ್ತೆ, ಸ್ಟ್ಯಾಫ್ ಅನ್ನು ತಡೆಯೋದು ಕಷ್ಟ. ಬೆವರು ಒಣಗಿ ಉಪ್ಪಾದ ಚರ್ಮದ ಮೇಲೆ ಬದುಕೋದು ಅದಕ್ಕೆ ಮಾಮೂಲು. ಉಪ್ಪಿನ ಮಾಂಸದಲ್ಲಿ ಪೈಪೋಟಿ ಇನ್ನೂ ಕಡಿಮೆಯಾಗಿ ಅದಕ್ಕೇ ಅನುಕೂಲ.

ಸೌಟು_ಹಿಡಿದವಳು
ಎಲ್ಲ ಓದಿದೆ. ಮಾಂಸ ಬಿಸಾಡುತ್ತಿದ್ದೇವೆ, ಗುಂಪಿನವರಿಗೂ ಈ ಲೆಕ್ಕ ತೋರಿಸಿದೆ. ಆದರೆ ಇನ್ನೊಂದು ವಾದ ಶುರುವಾಗಿದೆ. ಕೈಗವಸು ಹಾಕಿದ್ದರೆ ಸಾಕಿತ್ತು ಅಂತ ಒಬ್ಬರು, ಸೋಪು ಹಾಕಿ ತೊಳೆದಿದ್ದರೆ ಸಾಕಿತ್ತು ಅಂತ ಇನ್ನೊಬ್ಬರು.

ರಾತ್ರಿಪಾಳಿ
ಕೀವಿನ ಗಾಯ ಇದ್ದವರು ಅವತ್ತು ಬೆಂದ ಆಹಾರ ಮುಟ್ಟಲೇಬಾರದು, ಅದು ನನ್ನ ಅಭಿಪ್ರಾಯ. ಬೇರೆ ಕೆಲಸ ಕೊಡಿ. ತೊಳೆದರೆ ಮೇಲಿನ ಬ್ಯಾಕ್ಟೀರಿಯಾ ಕಡಿಮೆ ಆಗುತ್ತೆ, ಗಾಯದೊಳಗಿಂದ ಮತ್ತೆ ಬರ್ತಾನೇ ಇರುತ್ತೆ. ಇನ್ನು ಗಾಯ ಇಲ್ಲದವರು: ಆರೋಗ್ಯವಾಗಿರೋ ನಾಲ್ಕೈದು ಜನರಲ್ಲಿ ಒಬ್ಬರಾದರೂ ಇದನ್ನು ಮೂಗಿನಲ್ಲಿ ಇಟ್ಟುಕೊಂಡೇ ಓಡಾಡುತ್ತಾರೆ. ಕೈಗವಸು ಹಾಕಿ ಮೂಗು ಉಜ್ಜಿಕೊಂಡು ಅದೇ ಕೈಯಲ್ಲಿ ಮಾಂಸ ಬಿಡಿಸೋರನ್ನು ನೋಡಿದ್ದೇನೆ. ಹಾಗಿದ್ದರೆ ಬರಿಗೈಗೂ ಅದಕ್ಕೂ ಏನು ವ್ಯತ್ಯಾಸ?

ಕಡಾಯಿ_ಕಥೆ
ಕೈಗವಸು ಹಾಕಿದವರಿಗೆ ಕೈ ಕೊಳೆ ಆಗಿದ್ದೇ ಗೊತ್ತಾಗೋದಿಲ್ಲ. ಬರಿಗೈ ಆದರೆ ಅಂಟಂಟಾದಾಗ ತೊಳೆಯುತ್ತೇವೆ. ನನ್ನ ಪ್ರಕಾರ ಆಗಾಗ ತೊಳೆದ ಬರಿಗೈಯೇ ಮೇಲು.

ಪೆಟ್ರಿತಟ್ಟೆ
ಇದನ್ನು ನಾನು ಒಪ್ಪೋದಿಲ್ಲ. ಬೆಂದ ಮೇಲೆ ಮತ್ತೆ ಬೇಯದ ಆಹಾರಕ್ಕೆ ಇಕ್ಕಳ, ಫೋರ್ಕ್, ಇಲ್ಲವೇ ಆಗಾಗ ಬದಲಾಯಿಸುವ ಕೈಗವಸೇ ಬೇಕು. ಆದರೂ ನನಗೆ ಕೈಗಿಂತ ಪಾತ್ರೆಯ ಆಳ ಜಾಸ್ತಿ ಚಿಂತೆ. 5 ಕೆಜಿ ಮಾಂಸವನ್ನು ಒಂದೇ ಪಾತ್ರೆಯಲ್ಲಿ ಮುಚ್ಚಿ ಫ್ರಿಜ್‌ಗೆ ಇಟ್ಟರೆ ನಡುಭಾಗ ಗಂಟೆಗಟ್ಟಲೆ ಬೆಚ್ಚಗೇ ಇರುತ್ತೆ, ಅಷ್ಟು ಹೊತ್ತೂ ಅಲ್ಲಿ ಸ್ಟ್ಯಾಫ್ ಬೆಳೆಯುತ್ತೆ. ಅಗಲವಾದ ತಟ್ಟೆಗಳಲ್ಲಿ ಎರಡು ಮೂರು ಬೆರಳು ದಪ್ಪಕ್ಕೆ ಹರಡಿ, ಬೆಂದ ಎರಡು ಗಂಟೆಯೊಳಗೆ ಫ್ರಿಜ್‌ಗೆ ಇಡಿ, 5 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ. ಬಡಿಸೋವರೆಗೂ ಹೊರಗೇ ಇಡಬೇಕಿದ್ದರೆ 60 ಡಿಗ್ರಿಗಿಂತ ಮೇಲೆ ಬಿಸಿಯಾಗಿಡಿ. ವಿಷ ಆಗೋ ಮೊದಲು ಮಾಡೋದಕ್ಕೆ ಮಾತ್ರ ಬೆಲೆ.

ಕುದಿಸಿ_ಕುಡಿ
ಎರಡು ಗಂಟೆ ಅನ್ನೋದು ತೀರಾ ಕಡಿಮೆ. ನಿಮ್ಮದೇ ಲೆಕ್ಕದಲ್ಲಿ ಐದಾರು ಗಂಟೆ ಬೇಕು ಅಂದಿರಿ. ನಾಲ್ಕು ಗಂಟೆ ಇದ್ದ ಊಟ ಬಿಸಾಡೋಕೆ ನನಗೆ ಮನಸ್ಸು ಬರೋದಿಲ್ಲ.

ಪೆಟ್ರಿತಟ್ಟೆ
ಆ ಲೆಕ್ಕ ಗ್ರಾಂಗೆ 100ರಿಂದ ಶುರುವಾದದ್ದು. ನಿಮ್ಮ ಪಾತ್ರೆಯಲ್ಲಿ ಎಷ್ಟರಿಂದ ಶುರುವಾಯಿತು ಅಂತ ನಿಮಗೆ ಗೊತ್ತಿರೋದಿಲ್ಲ, ಅದಕ್ಕೇ ಅಂತರ ಇಟ್ಟುಕೊಳ್ಳೋದು. ನಾಲ್ಕು ಗಂಟೆಯವರೆಗೆ ಬಿಡುವ ನಿಯಮಗಳೂ ಇವೆ, ಆದರೆ ಅಲ್ಲಿ ನಾಲ್ಕು ಗಂಟೆ ಆದ ಮೇಲೆ ಉಳಿದದ್ದನ್ನು ಬಿಸಾಡಲೇಬೇಕು, ಫ್ರಿಜ್‌ಗೆ ಇಟ್ಟು ಮರುದಿನ ತಿನ್ನೋ ಹಾಗಿಲ್ಲ.

ಕುದಿಸಿ_ಕುಡಿ
ಆ ಕೊನೆಯ ಮಾತು ನನಗೆ ಇನ್ನೂ ಕಷ್ಟ. ಫ್ರಿಜ್‌ಗೆ ಹೋದ ಮೇಲೆ ಬೆಳೆಯೋದು ನಿಂತಿತಲ್ಲ.

ಊಟ_ಆಯ್ತಾ
ನನ್ನದೊಂದು ಪ್ರಶ್ನೆ ಉಳಿದಿದೆ. ಅವತ್ತು ಉಳಿದ ಊಟವನ್ನು ಪರೀಕ್ಷೆಗೆ ಕೊಟ್ಟಿದ್ದೆ. ಬ್ಯಾಕ್ಟೀರಿಯಾ ಬೆಳೆಯಲಿಲ್ಲ ಅಂತ ವರದಿ ಬಂತು, ಊಟ ಸರಿಯಾಗಿದೆ ಅಂದರು. ಹಾಗಾದರೆ ಅದು ಊಟದಿಂದ ಆಗಿದ್ದೇ ಅಲ್ಲವಾ?

ಪೆಟ್ರಿತಟ್ಟೆ
ಕೊಟ್ಟದ್ದು ಬಿಸಿ ಮಾಡಿದ ಮೇಲೆ ಉಳಿದದ್ದಾ? ಹೌದಾದರೆ ಆ ವರದಿಯಿಂದ ಏನೂ ತೀರ್ಮಾನ ಆಗೋದಿಲ್ಲ. ಬಿಸಿಯಲ್ಲಿ ಬ್ಯಾಕ್ಟೀರಿಯಾ ಸತ್ತಿದೆ, ಸತ್ತದ್ದು ಲ್ಯಾಬ್‌ನ ತಟ್ಟೆಯಲ್ಲಿ ಬೆಳೆಯೋದಿಲ್ಲ. ಅಂಥ ಹೊತ್ತಿನಲ್ಲಿ ವಿಷವನ್ನೇ ಹುಡುಕಬೇಕು. ಅಲ್ಲೂ ಒಂದು ತೊಡಕಿದೆ. ನಾವು ಬಳಸೋ ಕಿಟ್ ವಿಷದ ಆಕಾರ ಗುರುತಿಸುತ್ತೆ. ಬಿಸಿಯಾಗಿ ಆಕಾರ ಸ್ವಲ್ಪ ಬದಲಾಗಿದ್ದರೆ ಕಿಟ್‌ಗೆ ಸಿಗದೇ ಹೋಗಬಹುದು, ತಿಂದವರಿಗೆ ಮಾತ್ರ ವಾಂತಿ ತಪ್ಪೋದಿಲ್ಲ. ಆಗ ನಾವು ಬೇರೆ ಸುಳಿವು ನೋಡುತ್ತೇವೆ. ಸ್ಟ್ಯಾಫ್ ಬೆಳೆಯುವಾಗ ಶಾಖಕ್ಕೆ ಜಗ್ಗದ ಒಂದು ಕಿಣ್ವವನ್ನೂ ಬಿಡುತ್ತೆ, ಅದರ ಹೆಸರು ಥರ್ಮೋನ್ಯೂಕ್ಲಿಯೇಸ್. ಆಹಾರದಲ್ಲಿ ಅದು ಸಿಕ್ಕರೆ, ಹಿಂದೆ ಯಾವಾಗಲೋ ಇಲ್ಲಿ ಸ್ಟ್ಯಾಫ್ ದೊಡ್ಡ ಸಂಖ್ಯೆಯಲ್ಲಿ ಬೆಳೆದಿತ್ತು ಅಂತ ಅರ್ಥ. ಸೂಕ್ಷ್ಮದರ್ಶಕದಲ್ಲಿ ಸತ್ತ ಕೋಶಗಳು ಗೊಂಚಲು ಗೊಂಚಲಾಗಿ ಕಾಣೋದೂ ಉಂಟು.

ಊಟ_ಆಯ್ತಾ
ಹೌದು, ಬಿಸಿ ಮಾಡಿದ್ದೇ ಕೊಟ್ಟಿದ್ದು. ಅವರು ಕೇಳಲೂ ಇಲ್ಲ, ನಾನು ಹೇಳಲೂ ಇಲ್ಲ.

ಪೆಟ್ರಿತಟ್ಟೆ
ಮುಂದೆ ಯಾರಿಗಾದರೂ ಹೀಗಾದರೆ, ಬಿಸಿ ಮಾಡದೆ ಉಳಿದದ್ದು ಇದ್ದರೆ ಅದನ್ನೇ ಶುದ್ಧವಾದ ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಕೊಡುವಾಗ ಮೂರು ವಿಷಯ ಬರೆದುಕೊಡಿ: ಬೇಯಿಸಿದ್ದು ಯಾವಾಗ, ಹೊರಗೆ ಎಷ್ಟು ಹೊತ್ತು ಇತ್ತು, ಮತ್ತೆ ಬಿಸಿ ಮಾಡಿದ್ದೀರಾ ಇಲ್ಲವಾ. ವಾಂತಿಯ ಸ್ಯಾಂಪಲ್ ಸಿಕ್ಕರೆ ಅದೂ ಉಪಯೋಗಕ್ಕೆ ಬರುತ್ತೆ. ಬರೀ ಬ್ಯಾಕ್ಟೀರಿಯಾ ಬೆಳೆಸಿ ನೋಡುತ್ತೀರಾ, ಎಂಟರೊಟಾಕ್ಸಿನ್ ಕೂಡ ನೋಡುತ್ತೀರಾ ಅಂತ ಲ್ಯಾಬ್‌ನವರನ್ನು ಮೊದಲೇ ಕೇಳಿ, ಎಲ್ಲ ಲ್ಯಾಬ್‌ಗಳಲ್ಲೂ ಎರಡನೆಯದು ಮಾಡೋದಿಲ್ಲ.